ಮದುವೆಗೆ ಹೋಗದಿರುವ ಸಿದ್ಧತೆ

ಮದುವೆಗೆ ಹೋಗುವುದಕ್ಕೆ ಅಂಥ ಮಹಾ ಸಿದ್ಧತೆಯೇನೂ ಬೇಡ. ರೇಷ್ಮೆ ಸೀರೆ ಇಸ್ತ್ರಿಗೆ ಕೊಟ್ಟು, ಹಾಲಿನವನಿಗೆ ಎರಡು ದಿನ ಹಾಕಬೇಡಪ್ಪ ಎಂದು ಹೇಳಿ, ಬಾಗಿಲಿಗೆ ಬೀಗ ಜಡಿದರೆ ಮುಗಿಯಿತು. ನಿಜವಾದ ಸಿದ್ಧತೆ ಬೇಕಾಗುವುದು ಹೋಗದೇ ಇರುವುದಕ್ಕೆ. ಯಾರಿಗೆ ಹೇಳಬೇಕು, ಮನೆಯಲ್ಲಿ ಯಾರು ಹೇಳಬೇಕು, ಎಷ್ಟು ದಿನ ಮೊದಲು ಹೇಳಬೇಕು, ಏನು ಕಾರಣ ಕೊಡಬೇಕು, ಮುಯ್ಯಿ ಯಾರ ಕೈಲಿ ಕಳಿಸಬೇಕು. ಇಷ್ಟನ್ನೂ ಸರಿಯಾಗಿ ಮಾಡಿದವರನ್ನು ಯಾವ ನೆಂಟರೂ ದೂರಿದ್ದಿಲ್ಲ. ಇದರಲ್ಲಿ ಒಂದು ತಪ್ಪಿದರೂ ಮುಂದಿನ ನಾಲ್ಕು ಶುಭಕಾರ್ಯಗಳಲ್ಲಿ "ನೀವು ನಮ್ಮನೆಗೆಲ್ಲ ಯಾಕೆ ಬರ್ತೀರ ಬಿಡಿ" ಎಂಬ ಮಾತು ಪಾಯಸದ ಜೊತೆಗೇ ಬಡಿಸಿಬಿಡುತ್ತಾರೆ.

ಈ ವಿಷಯ ಮೊನ್ನೆ ನಮ್ಮ ಕಾಂಪೌಂಡಿನ ಮೇಲೆ ಚರ್ಚೆಗೆ ಬಂತು. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕಲು ಬಂದವಳು ಬಕೆಟ್ಟು ಕೆಳಗಿಟ್ಟು, ಕಾಂಪೌಂಡಿಗೆ ಒರಗಿ ನಿಂತಳು. ಒರಗಿದಳೆಂದರೆ ವಿಷಯ ದೊಡ್ಡದು.

"ಅಕ್ಕಾ, ಬೀದರಿಂದ ಮದುವೆ ಕಾಗದ ಬಂದಿದೆ. ಏನ್ಮಾಡೋದು ಅಂತಾನೇ ಗೊತ್ತಾಗ್ತಿಲ್ಲ."

"ಯಾರ ಮದುವೆ?"

"ಇವರ ಸೋದರತ್ತೆ ಇದಾರಲ್ಲ, ಹಾಸನದವರು, ಅವರ ಮೈದುನನ ಮಗಳದ್ದು. ಮೈದುನ ಕೆಲಸಕ್ಕೆ ಅಂತ ಬೀದರಿಗೆ ಹೋಗಿ ಅಲ್ಲೇ ಮನೆ ಕಟ್ಟಿಕೊಂಡವರು. ವಾಟ್ಸಾಪಲ್ಲಿ ಕಾಗದ ಕಳಿಸಿ ಫೋನೂ ಮಾಡಿದ್ರು. ಅಲ್ಲಿನ ಮಾತೇ ಬಂದುಬಿಟ್ಟಿದೆ ಅವರಿಗೆ. ಎಲ್ಲಾರೂ ಬರಬೇಕ್ ನೋಡ್ರಿ, ಯಾರೂ ತಪ್ಪಿಸಬ್ಯಾಡ್ರಿ ಅಂದ್ರು."

"ನೀವೇನಂದ್ರಿ?"

"ಇವರು ನೋಡೋಣ ಮಾವ, ಟ್ರೈ ಮಾಡ್ತೀವಿ ಅಂದುಬಿಟ್ರು."

ಅಲ್ಲಿಗೆ ಅರ್ಧ ಕೆಲಸ ಕೆಟ್ಟಿತು ಅನ್ನಿ. ಆದರೆ ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಹೋಗುವುದು ಯಾಕೆ ಆಗುವುದಿಲ್ಲ ಎಂಬ ಲೆಕ್ಕ ನೋಡೋಣ. ಲೆಕ್ಕ ನಮಗೇ ಖಚಿತವಾಗದಿದ್ದರೆ ಬಾಯಲ್ಲಿ ಬರುವ ಮಾತೂ ತಡವರಿಸುತ್ತದೆ, ಎದುರಿನವರು ಆ ಸಂದಿನಲ್ಲೇ ಒತ್ತಾಯದ ಕೈ ಹಾಕುತ್ತಾರೆ.

ನಮ್ಮ ರಾಜ್ಯ ಎಷ್ಟು ಉದ್ದ ಎನ್ನುವುದು ಮೈಸೂರಿನವರಿಗೆ ಬೀದರಿನಿಂದ ಮದುವೆ ಕಾಗದ ಬಂದಾಗಲೇ ತಿಳಿಯುವುದು. ಇಲ್ಲಿಂದ ಅಲ್ಲಿಗೆ 800 ಕಿಲೋಮೀಟರ್ ಮೇಲಾಯಿತು. ಮೈಸೂರಿನವರಿಗೆ ಬೀದರಿಗಿಂತ ಕನ್ಯಾಕುಮಾರಿಯೇ ಹತ್ತಿರ. ರೈಲೆಂದರೆ ಬಸವ ಎಕ್ಸ್‌ಪ್ರೆಸ್ಸು ಹತ್ತಿ ಕಲಬುರಗಿಯಲ್ಲಿ ಇಳಿಯಬೇಕು. ಅಲ್ಲಿಂದ ಬೀದರಿಗೆ ಮತ್ತೆ ನೂರು ಚಿಲ್ಲರೆ ಕಿಲೋಮೀಟರ್. ರೈಲಿನ ಮುಂಗಡ ಬುಕಿಂಗು 2024ರ ನವೆಂಬರಿನಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ, ನಿಜ. ಆದರೆ ಮದುವೆ ಕಾಗದ ಬರುವುದು ಮುಹೂರ್ತಕ್ಕೆ ಮೂರು ವಾರ ಇದೆ ಎನ್ನುವಾಗ. ಛತ್ರ ಸಿಗಬೇಕು, ಕಾಗದ ಅಚ್ಚಾಗಬೇಕು, ಮೊದಲ ಪತ್ರಿಕೆ ಮನೆದೇವರ ಮುಂದೆ ಇಡಬೇಕು, ಆಮೇಲಲ್ಲವೇ ನೆಂಟರ ಸರದಿ. ಅಷ್ಟರಲ್ಲಿ ಸ್ಲೀಪರೆಲ್ಲ ವೇಟಿಂಗ್ ಲಿಸ್ಟಿಗೆ ಬಂದಿರುತ್ತದೆ. ತತ್ಕಾಲ್ ಎಂದರೆ ಹಿಂದಿನ ದಿನ ಬೆಳಿಗ್ಗೆ ಮೊಬೈಲು ಹಿಡಿದು ಕೂರಬೇಕು, ಒಂದು ಟಿಕೆಟಿಗೆ ನಾಲ್ಕೇ ಜನ. ಇವರು ಐವರು: ಗಂಡ, ಹೆಂಡತಿ, ಅತ್ತೆ, ಇಬ್ಬರು ಮಕ್ಕಳು. ಯಾರನ್ನು ಬಿಡುವುದು?

"ಬಸ್ಸಿನಲ್ಲಿ?" ಎಂದೆ.

"ಸ್ಲೀಪರ್ ಬಸ್ಸು ಒಬ್ಬರಿಗೆ ಒಂದೂವರೆ ಸಾವಿರದ ಹತ್ತಿರ ತೋರಿಸ್ತಿದೆ ಅಕ್ಕ. ಚಿಕ್ಕವನನ್ನು ಹೇಗೋ ಸೇರಿಸಿಕೊಂಡರೂ ನಾಲ್ಕು ಬರ್ತ್ ಬೇಕು. ಹೋಗೋಕೆ ಆರು ಸಾವಿರ, ಬರೋಕೆ ಆರು ಸಾವಿರ. ದಾರೀಲಿ ತಿಂಡಿ ಕಾಫಿ, ಆಟೋ, ಮುಯ್ಯಿ ಎಲ್ಲ ಸೇರಿದರೆ ಹದಿನೈದು ದಾಟುತ್ತೆ. ಏಪ್ರಿಲ್‌ನಲ್ಲಿ ಇಬ್ಬರ ಸ್ಕೂಲ್ ಫೀಸು ಕಟ್ಟಬೇಕು."

ಅಷ್ಟರಲ್ಲಿ ಒಳಗಿನಿಂದ ಅವಳ ಅತ್ತೆ ಬಂದರು. ನಾವೆಲ್ಲ ಅವರನ್ನು ಅಜ್ಜಿ ಎಂದೇ ಕರೆಯುವುದು. "ಅವನು ಫೋನಲ್ಲಿ ಇನ್ನೊಂದು ಮಾತು ಹೇಳಿದನಮ್ಮ," ಎಂದರು ನಗುತ್ತ. "ಹೆಂಗಸರಿಗೆ ಬಸ್ಸು ಪುಕ್ಕಟೆ ಅಲ್ವಾ, ನೀವು ಅತ್ತೆ ಸೊಸೆ ಬಂದುಬಿಡಿ ಅಂದ."

ಪುಕ್ಕಟೆ ಹೌದು. 2023ರ ಜೂನ್‌ನಿಂದ ಶಕ್ತಿ ಯೋಜನೆ ನಡೆಯುತ್ತಿದೆ. ಆದರೆ ಅದು ಸಾಮಾನ್ಯ ಬಸ್ಸಿಗೆ, ವೇಗದೂತ ಬಸ್ಸಿಗೆ. ರಾಜಹಂಸಕ್ಕಾಗಲೀ ಸ್ಲೀಪರಿಗಾಗಲೀ ಐರಾವತಕ್ಕಾಗಲೀ ಅಲ್ಲ. ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಳ್ಳುತ್ತಿರುವ ಅಜ್ಜಿ ಕೆಂಪು ಬಸ್ಸಿನ ನೆಟ್ಟಗಿನ ಸೀಟಿನಲ್ಲಿ ಕೂತು, ಬೆಂಗಳೂರಿನಲ್ಲೊಮ್ಮೆ ಕಲಬುರಗಿಯಲ್ಲೊಮ್ಮೆ ಇಳಿದು ಹತ್ತಿ ಬೀದರು ಸೇರುವ ಹೊತ್ತಿಗೆ ವಧೂವರರ ಬದಲು ಅವರಿಗೇ ಆರತಿ ಎತ್ತಿ ಒಳಗೆ ಕರೆದುಕೊಳ್ಳಬೇಕಾಗುತ್ತದೆ.

ಇನ್ನು ರಜೆ. ಗಂಡ ತಾಲ್ಲೂಕು ಮಟ್ಟದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮದುವೆ ಮಾರ್ಚ್ ತಿಂಗಳ ಒಂದು ಗುರುವಾರ. ಬುಧವಾರ ಸಂಜೆ ವರಪೂಜೆ, ಗುರುವಾರ ಬೆಳಿಗ್ಗೆ ಮುಹೂರ್ತ. ಬುಧವಾರ ಸಂಜೆ ಅಲ್ಲಿರಬೇಕಾದರೆ ಮಂಗಳವಾರವೇ ಹೊರಡಬೇಕು. ಗುರುವಾರ ಊಟ ಮುಗಿಸಿ ಹೊರಟರೆ ಶುಕ್ರವಾರ ಮನೆ. ಬುಧ, ಗುರು, ಶುಕ್ರ ಮೂರು ಸಿಎಲ್ಲು ಕಣ್ಣುಮುಚ್ಚಿ ಹೋಯಿತು, ಮಂಗಳವಾರ ಅರ್ಧ ದಿನ ಬೇರೆ. ರಾಜ್ಯ ಸರ್ಕಾರಿ ನೌಕರರಿಗೆ ವರ್ಷಕ್ಕೆ 15 ಇದ್ದ ಸಾಂದರ್ಭಿಕ ರಜೆ 2019ರಲ್ಲಿ ನಾಲ್ಕನೇ ಶನಿವಾರ ಬಿಡುವು ಕೊಟ್ಟಾಗ 10ಕ್ಕೆ ಇಳಿಯಿತು. ಆ ಹತ್ತರಲ್ಲಿ ಮೇ ತಿಂಗಳಲ್ಲಿ ಇವಳ ಸ್ವಂತ ತಮ್ಮನ ಮದುವೆಗೆ ಬೇಕು, ಅಜ್ಜಿಯನ್ನು ಆಸ್ಪತ್ರೆಗೆ ತೋರಿಸಲು ಬೇಕು, ಗೌರಿ ಹಬ್ಬಕ್ಕೆ ಬೇಕು. ಅದಕ್ಕೂ ಮಿಗಿಲಾಗಿ ಮಾರ್ಚ್ ಎಂದರೆ ಬಿಲ್ಲುಗಳೆಲ್ಲ ಖಜಾನೆಗೆ ಹೋಗಬೇಕಾದ ತಿಂಗಳು. ಮಾರ್ಚಿನಲ್ಲಿ ಮೂರು ದಿನ ರಜೆ ಕೇಳಿದ ಗುಮಾಸ್ತನನ್ನು ಸಾಹೇಬರು ಕನ್ನಡಕದ ಮೇಲಿಂದ ನೋಡುತ್ತಾರೆ. ಅಷ್ಟು ಸಾಕು, ಅರ್ಜಿ ಮತ್ತೆ ಜೇಬಿಗೆ ಸೇರುತ್ತದೆ.

ಹೀಗೆ ಲೆಕ್ಕ ಖಚಿತವಾಯಿತು. ಹೋಗಲು ಆಗುವುದಿಲ್ಲ. ಈಗ "ನೋಡೋಣ, ಟ್ರೈ ಮಾಡ್ತೀವಿ" ಎಂದದ್ದರ ಫಲ ಏನೆಂದು ಕೇಳಿ.

ಹೇಳಿದವರಿಗೆ ಅದು ನಯವಾಗಿ ತಪ್ಪಿಸಿಕೊಂಡ ಮಾತು. ಕೇಳಿದವರ ಮನೆಯಲ್ಲಿ ಅದು ನೇರ ಪಟ್ಟಿಗೆ ಇಳಿಯುತ್ತದೆ. ಹೆಣ್ಣಿನ ತಂದೆ ರಾತ್ರಿ ಹನ್ನೊಂದಕ್ಕೆ ಕಾಲೇಜು ನೋಟ್‌ಬುಕ್ಕಿನಲ್ಲಿ ಊರುಗಳ ಹೆಸರು ಬರೆದು ಎದುರಿಗೆ ತಲೆ ಎಣಿಸುತ್ತ ಕೂತಿರುತ್ತಾನೆ. ಅಲ್ಲಿ "ಮೈಸೂರು: 5" ಎಂದು ಬಿತ್ತು. ಐವರೆಂದರೆ ಬುಧವಾರ ರಾತ್ರಿ ಊಟಕ್ಕೆ ಐದೆಲೆ, ಗುರುವಾರ ತಿಂಡಿಗೆ ಐದು, ಮುಹೂರ್ತದ ಊಟಕ್ಕೆ ಐದು, ಒಟ್ಟು ಹದಿನೈದು. ಅಡುಗೆ ಕಂಟ್ರಾಕ್ಟು ಹಿಡಿದವರು ಎಲೆ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ. ಹೇಳಿದ ಸಂಖ್ಯೆಗಿಂತ ಹೆಚ್ಚು ಜನ ಬಂದರೆ ಹೆಚ್ಚು ಕೊಡಬೇಕು, ಕಡಿಮೆ ಬಂದರೂ ಹೇಳಿದಷ್ಟಕ್ಕೇ ಕೊಡಬೇಕು. ಪರಊರಿನವರು ಎಂದಮೇಲೆ ಲಾಡ್ಜಿನಲ್ಲಿ ರೂಮು ಬೇರೆ. ಅಜ್ಜಿ ಇದ್ದಾರೆ, ಮೆಟ್ಟಿಲು ಹತ್ತಲಾರರು ಎಂದು ಕೆಳಗಿನ ಮಹಡಿಯದೇ ಹುಡುಕಿಟ್ಟಿರುತ್ತಾರೆ ಪುಣ್ಯಾತ್ಮರು. ಆ ರೂಮಿನ ಬೀಗ ತೆಗೆಯದೇ ಉಳಿದಾಗ ಆಗುವ ಬೇಸರ, ಮೂರು ವಾರ ಮೊದಲೇ "ಆಗುವುದಿಲ್ಲ" ಎಂದು ಕೇಳಿದಾಗ ಆಗುವ ಬೇಸರಕ್ಕಿಂತ ಹತ್ತು ಪಟ್ಟು ಹೆಚ್ಚು. ಮೊದಲೇ ಹೇಳಿದರೆ ಮನಸ್ಸಿಗೆ ಮಾತ್ರ ನೋವು. ಹೇಳದೇ ತಪ್ಪಿಸಿದರೆ ಮನಸ್ಸಿಗೂ ನೋವು, ಕಿಸೆಗೂ ಪೆಟ್ಟು.

ಆದ್ದರಿಂದ ಆಗುವುದಿಲ್ಲ ಎಂದು ಗೊತ್ತಾದ ಮೇಲೆ ಎರಡು ಮೂರು ದಿನದೊಳಗೆ ಹೇಳಿಬಿಡಬೇಕು. ಕಾಗದ ಕೈಗೆ ಬಂದ ಗಳಿಗೆಯಲ್ಲೇ "ಅಯ್ಯೋ ನಾವು ಬರಲ್ಲಪ್ಪ" ಎನ್ನುವುದೂ ಚೆನ್ನಲ್ಲ, ಕರೆದದ್ದೇ ತಪ್ಪಾಯಿತೇನೋ ಎನಿಸುತ್ತದೆ. ಹಾಗೆಂದು ಮುಹೂರ್ತದ ಹಿಂದಿನ ರಾತ್ರಿವರೆಗೆ ಎಳೆಯುವುದು ಇನ್ನೂ ಕೆಟ್ಟದ್ದು. ಎಲೆ ಲೆಕ್ಕ ಅಡುಗೆಯವರ ಕೈ ಸೇರುವುದಕ್ಕೆ ಸಾಕಷ್ಟು ಮೊದಲು ನಮ್ಮ ಮಾತು ತಲುಪಿರಬೇಕು.

"ಸರಿ ಅಕ್ಕ, ಇವತ್ತೇ ಬೀದರ್ ಮಾವನಿಗೆ ಫೋನ್ ಮಾಡಿಸ್ತೀನಿ" ಎಂದು ಅವಳು ಬಕೆಟ್ಟು ಎತ್ತಿದಳು.

"ಅವನಿಗಲ್ಲ," ಎಂದರು ಅಜ್ಜಿ. "ಮೊದಲು ಹಾಸನಕ್ಕೆ."

ನಾನು ಈ ಹರಟೆಯಲ್ಲಿ ಹೇಳಬೇಕೆಂದುಕೊಂಡ ಮುಖ್ಯ ಮಾತನ್ನು ಅಜ್ಜಿ ಮೂರೇ ಶಬ್ದದಲ್ಲಿ ಮುಗಿಸಿದರು. ದೂರದ ನೆಂಟರು ಎನ್ನುವವರು ನಮಗೆ ನೇರವಾಗಿ ನೆಂಟರಲ್ಲ. ನಡುವೆ ಒಬ್ಬ ಹತ್ತಿರದ ನೆಂಟರಿರುತ್ತಾರೆ. ಇಲ್ಲಿ ಹಾಸನದ ಸೋದರತ್ತೆ. ಆಕೆಯ ಕಡೆಯಿಂದಲೇ ಈ ಕರೆ ಹುಟ್ಟಿದ್ದು. "ನಮ್ಮಣ್ಣನ ಮನೆಯವರನ್ನು ಮರೀಬೇಡ" ಎಂದು ಮೈದುನನಿಗೆ ಹೇಳಿದವರು ಆಕೆ. "ಬಂದೇ ಬರ್ತಾರೆ ಬಿಡು, ನಾನು ಹೇಳ್ತೀನಿ" ಎಂದು ಮಾತು ಕೊಟ್ಟಿದ್ದರೂ ಆಶ್ಚರ್ಯವಿಲ್ಲ. ನಾವು ಹೋಗದಿದ್ದರೆ ಬೀದರಿನವರಿಗೆ ಆಗುವ ಬೇಸರ ಒಂದು ತೊಲವಾದರೆ, ಗಂಡನ ಮನೆಯವರ ಮುಂದೆ ತೌರಿನವರು ಬರಲಿಲ್ಲ ಎಂದು ಆಕೆಗಾಗುವ ಬೇಸರ ಒಂದು ಸೇರು. ಬೀದರಿನವರಿಂದ ಆಕೆಗೆ ಸುದ್ದಿ ತಿಳಿದರಂತೂ ಮುಗಿಯಿತು. "ನನಗೊಂದು ಮಾತು ಹೇಳಬಾರದಿತ್ತಾ" ಎನ್ನುವುದರಲ್ಲಿ ತಪ್ಪೇನೂ ಇಲ್ಲ.

ಹಾಗಾಗಿ ಮೊದಲ ಫೋನು ಆಕೆಗೆ, ಎರಡನೆಯದು ಕರೆದವರಿಗೆ. ಆಕೆಯ ಹತ್ತಿರ ಎಲ್ಲವನ್ನೂ ಬಿಚ್ಚಿ ಹೇಳಬಹುದು, ಹದಿನೈದು ಸಾವಿರದ ಲೆಕ್ಕವನ್ನೂ. ಆಕೆ ಅಣ್ಣನ ಮಗನ ಸಂಬಳ ಬಲ್ಲವರು. "ಅಷ್ಟು ದುಡ್ಡು ಸುರಿದು ಯಾಕೆ ಬರ್ತೀಯೋ, ನಾನು ಹೋಗ್ತಿದೀನಲ್ಲ, ನಿಮ್ಮ ಕಡೆಯಿಂದ ನಾನೇ ಅಂದುಕೋ" ಎಂದು ಆಕೆಯ ಬಾಯಿಂದಲೇ ಬರಬೇಕು. ಬಂದರೆ ಎರಡನೇ ಫೋನಿಗೆ ಅದಕ್ಕಿಂತ ದೊಡ್ಡ ಬಲ ಇಲ್ಲ.

ಎರಡನೇ ಫೋನು ಮಾಡಬೇಕಾದವರು ಯಾರು? ಇಲ್ಲಿ ಮನೆಮನೆಗೂ ಒಂದೇ ನಾಟಕ. ಗಂಡ "ನೀನೇ ಹೇಳು, ನಿನಗೆ ಮಾತು ಬರುತ್ತೆ" ಎನ್ನುತ್ತಾನೆ. ಹೆಂಡತಿ "ನಿಮ್ಮ ಕಡೆ ನೆಂಟರು, ನಾನು ಹೇಳಿದರೆ ಸೊಸೆಯೇ ತಡೆದಳು ಅಂತಾರೆ" ಎನ್ನುತ್ತಾಳೆ. ಹೆಂಡತಿಯ ಮಾತೇ ಸರಿ. ಯಾರ ರಕ್ತದ ನಂಟೋ ಅವರೇ ಹೇಳಬೇಕು. ಮನೆಯಲ್ಲಿ ಹಿರಿಯರಿದ್ದರೆ ಮಾತು ಅವರಿಂದ ಶುರುವಾಗಿ ಆಮೇಲೆ ಫೋನು ಮಗನ ಕೈಗೆ ಹೋಗಬೇಕು. ಹಿರಿಯರ ದನಿ ಕೇಳಿದರೆ ಎದುರಿನವರು ಅರ್ಧ ಕರಗಿರುತ್ತಾರೆ.

ಹೇಗೆ ಕರೆದರೋ ಹಾಗೆ ಹೇಳುವುದು ಮರ್ಯಾದೆ. ಫೋನು ಮಾಡಿ ಕರೆದವರಿಗೆ ಫೋನಿನಲ್ಲಿ. ಮನೆಗೇ ಬಂದು ಅರಿಶಿನ ಕುಂಕುಮ ಕೊಟ್ಟು, ಅಕ್ಷತೆ ಇಟ್ಟು ಕರೆದವರಿಗೆ, ಊರಲ್ಲೇ ಇದ್ದರೆ ಹೋಗಿ ಹೇಳಬೇಕು, ದೂರದವರಾದರೆ ಫೋನು ಮಾಡಬೇಕು. ಮಾತಿಲ್ಲ ಕತೆಯಿಲ್ಲ, ಮೊಬೈಲಿನಲ್ಲಿದ್ದ ಹೆಸರುಗಳಿಗೆಲ್ಲ ಒಟ್ಟಿಗೆ ಕಾಗದ ತೂರಿದವರಿಗೆ ಒಂದು ಒಳ್ಳೆಯ ಮೆಸೇಜು ಸಾಕು. ಆದರೆ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮಾತ್ರ "ನಮಗೆ ಬರಲಾಗುತ್ತಿಲ್ಲ, ಕ್ಷಮಿಸಿ" ಎಂದು ಹಾಕಕೂಡದು. ಒಬ್ಬರು ಹಾಕಿದರೆ ಧೈರ್ಯ ಬಂದು ಉಳಿದವರೂ ಹಾಕುತ್ತಾರೆ. ಸಂಜೆಯೊಳಗೆ ಹೆಣ್ಣಿನ ತಂದೆಯ ಮೊಬೈಲಿನಲ್ಲಿ ಕೈಮುಗಿದ ಚಿತ್ರಗಳ ಸಾಲೇ ಸಾಲು. ಶುಭಕಾರ್ಯದ ಮನೆಗೆ ಅದು ಒಳ್ಳೆಯ ನೋಟವಲ್ಲ.

ಇನ್ನು ಕಾರಣ. "ಚಿಕ್ಕವನಿಗೆ ಪರೀಕ್ಷೆ ಅಂದುಬಿಡಲಾ ಅಕ್ಕ?" ಎಂದಳು. ಚಿಕ್ಕವನು ಮೂರನೇ ಕ್ಲಾಸು. ಮೂರನೇ ಕ್ಲಾಸಿನ ಪರೀಕ್ಷೆಗಾಗಿ ಮದುವೆ ಬಿಟ್ಟರು ಎಂದರೆ ಬೀದರ್ ಛತ್ರದಲ್ಲಿ ಅಡುಗೆ ಭಟ್ಟರೂ ನಗುತ್ತಾರೆ. ಸುಳ್ಳು ಕಾರಣಗಳ ತೊಂದರೆ ಇದೇ. ಜ್ವರ ಎಂದರೆ ಆ ವಾರವೆಲ್ಲ ಮನೆಯಲ್ಲಿ ಮಲಗಿರಬೇಕು, ಒಂದು ಸ್ಟೇಟಸ್ಸು ಹಾಕುವ ಹಾಗಿಲ್ಲ. ಮೇಲಿಂದ ಅವರು ದಿನ ಬಿಟ್ಟು ದಿನ "ಜ್ವರ ಹೇಗಿದೆ" ಎಂದು ವಿಚಾರಿಸುತ್ತಾರೆ, ಮದುವೆ ಗಲಾಟೆಯ ನಡುವೆಯೂ. ಸೂತಕ ಎಂಬ ಮಾತನ್ನಂತೂ ಸುಳ್ಳಿಗೂ ಆಡಬಾರದು. ಸತ್ತವರು ಯಾರು ಎಂದು ಕೇಳುತ್ತಾರೆ, ನೆಂಟಸ್ತಿಕೆಯಲ್ಲಿ ಯಾರು ಬದುಕಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು.

ನಿಜವಾದ ಕಾರಣ ಎರಡಿವೆ, ದುಡ್ಡು ಮತ್ತು ರಜೆ. ಕರೆದವರಿಗೆ ಹೇಳಬೇಕಾದದ್ದು ರಜೆಯೊಂದನ್ನೇ. ದುಡ್ಡಿನ ಮಾತು ಎತ್ತಿದರೆ ಅವರಿಗೆ ಎರಡೇ ದಾರಿ ಉಳಿಯುತ್ತದೆ. ಒಳ್ಳೆಯವರಾದರೆ "ಟಿಕೆಟ್ ನಾನೇ ಮಾಡಿಸ್ತೀನಿ, ಬರ್ರಿ" ಎನ್ನುತ್ತಾರೆ. ಆಗ ಒಪ್ಪಿದರೂ ಸಣ್ಣವರಾಗುತ್ತೇವೆ, ಒಪ್ಪದಿದ್ದರೂ ಸಣ್ಣವರಾಗುತ್ತೇವೆ. ಅಷ್ಟು ಒಳ್ಳೆಯವರಲ್ಲದಿದ್ದರೆ "ಮೈಸೂರಿನವರಿಗೆ ಬಹಳ ಕಷ್ಟ ಅಂತೆ" ಎಂಬುದು ಛತ್ರದ ಊಟದ ಸಾಲಿನಲ್ಲಿ ಸುತ್ತುತ್ತದೆ. ಮಗಳ ಮದುವೆಗೆ ಲಕ್ಷ ಲಕ್ಷ ಸಾಲ ಮಾಡಿಕೊಂಡು ಕೂತ ತಂದೆಯ ಮುಂದೆ ನಮ್ಮ ಹದಿನೈದು ಸಾವಿರದ ಗೋಳು ಹೇಳುವುದೂ ಅಷ್ಟು ಚೆನ್ನಲ್ಲ. ರಜೆಗೆ ಈ ಕಾಟವಿಲ್ಲ. ಅದನ್ನು ಯಾರೂ ನಮಗೆ ಕೊಡಿಸಲಾರರು.

ಒಂದೇ ಕಾರಣ ಹೇಳಬೇಕು ಎನ್ನುವುದಕ್ಕೂ ಅರ್ಥವಿದೆ. ರಜೆ ಇಲ್ಲ, ಮಗುವಿಗೆ ಪರೀಕ್ಷೆ, ಅಮ್ಮನಿಗೆ ಮಂಡಿ, ರೈಲು ಫುಲ್ಲು ಎಂದು ನಾಲ್ಕು ಹೇಳಿದರೆ ಅವರು ಒಂದೊಂದಕ್ಕೂ ಪರಿಹಾರ ಹುಡುಕುತ್ತಾರೆ. ರೈಲಿಲ್ಲದಿದ್ದರೆ ಬಸ್ಸು, ಮಂಡಿಗೆ ಕುರ್ಚಿ, ಮಗುವನ್ನು ಪಕ್ಕದ ಮನೆಯಲ್ಲಿ ಬಿಡಿ. ಪಕ್ಕದ ಮನೆ ಎಂದರೆ ನಾನು.

ಅಂದು ಸಂಜೆ ಫೋನು ಮಾಡುವ ಮೊದಲು ಅವಳ ಗಂಡನಿಗೆ ಅಜ್ಜಿ ಮಾತು ಹೇಳಿಕೊಟ್ಟರು. ಇಲ್ಲ ಎಂಬುದು ಮೊದಲ ವಾಕ್ಯ ಆಗಕೂಡದು, ಅದಕ್ಕೆ ಮುಂಚೆ ಮದುವೆಯನ್ನು ವಿಚಾರಿಸಬೇಕು. ಹುಡುಗ ಏನು ಮಾಡ್ತಾನೆ, ಯಾವ ಊರಿನವರು, ಛತ್ರ ಎಲ್ಲಿ, ಸೀರೆ ಎಲ್ಲ ತಂದಾಯಿತಾ. ಬರಲಾಗದಿದ್ದರೂ ಇವರಿಗೆ ನಮ್ಮ ಮನೆಯ ಕಾರ್ಯದಲ್ಲಿ ಆಸಕ್ತಿ ಇದೆ ಎಂದು ಅವರಿಗೆ ಅನಿಸಬೇಕು. ಆಮೇಲೆ ಸುತ್ತಿ ಬಳಸದೆ ವಿಷಯಕ್ಕೆ ಬರಬೇಕು. ಅಂದು ನಾನು ಅಲ್ಲೇ ಇದ್ದುದರಿಂದ ಅವನು ಆಡಿದ್ದನ್ನು ಹಾಗೇ ಬರೆಯುತ್ತಿದ್ದೇನೆ:

"ಮಾವ, ಮೊನ್ನೆ ನೋಡೋಣ ಅಂದಿದ್ದೆ. ಆಫೀಸಲ್ಲಿ ಕೇಳಿ ನೋಡಿದೆ, ಮಾರ್ಚ್ ತಿಂಗಳು, ರಜೆ ಸಿಗಲ್ಲ. ಮದುವೆಗೆ ಬರೋಕೆ ಆಗ್ತಿಲ್ಲ. ನೀವು ನಮ್ಮ ಲೆಕ್ಕ ಹಿಡಿದು ರೂಮು ಗೀಮು ಮಾಡಿಬಿಡ್ತೀರ ಅಂತ ಮೊದಲೇ ಹೇಳ್ತಿದೀನಿ. ಹಾಸನದ ಅತ್ತೆ ಬರ್ತಿದಾರಲ್ಲ, ನಮ್ಮೆಲ್ಲರ ಕಡೆಯಿಂದ ಅವರೇ ಅಕ್ಷತೆ ಹಾಕ್ತಾರೆ. ಬೇಜಾರು ಮಾಡ್ಕೋಬೇಡಿ."

ಇದರಲ್ಲಿ "ಬರೋಕೆ ಆಗ್ತಿಲ್ಲ" ಎಂಬುದು ಸ್ಪಷ್ಟವಾಗಿ ಬಂದಿದೆ. "ಬಹುಶಃ", "ಕಷ್ಟ ಆಗಬಹುದು", "ಕೊನೇ ಗಳಿಗೇಲಿ ಏನಾದರೂ ಆದರೆ" ಎಂಬ ಬಾಲ ಯಾವುದೂ ಇಲ್ಲ. ಬಾಲ ಬಿಟ್ಟರೆ ಎದುರಿನವರು ಅದನ್ನೇ ಹಿಡಿದು ಎಳೆಯುತ್ತಾರೆ.

ಎಳೆಯದೇ ಬಿಡುವುದಿಲ್ಲ ಎನ್ನಿ. ಒತ್ತಾಯ ಮಾಡದಿದ್ದರೆ ಕರೆದದ್ದು ಕರೆದಂತೆಯೇ ಅಲ್ಲ. "ಮನೆಗೊಬ್ಬರಾದರೂ ಬರ್ರಿ" ಎಂದರು ಬೀದರ್ ಮಾವ. ನಿರೀಕ್ಷಿಸಿದ್ದೇ. ಮನೆಗೊಬ್ಬರು ಹೋಗಿಬರುವುದು ನಮ್ಮಲ್ಲಿ ಇರುವ ಪದ್ಧತಿ. ಅದು ಸಾಧ್ಯವಿದ್ದರೆ ಮಾಡಬೇಕಾದದ್ದೂ ಹೌದು. ಆದರೆ ಒಬ್ಬರು ಹೋದರೂ ಆ ಒಬ್ಬರು ರಜೆ ಇಲ್ಲದ ಗಂಡನೇ ಆಗಬೇಕು. ಅಜ್ಜಿ ಒಂಟಿಯಾಗಿ ಹೋಗಲಾರರು, ಮಕ್ಕಳನ್ನು ಬಿಟ್ಟು ಸೊಸೆ ಹೋಗಲಾರಳು. ಅವನು ಮತ್ತದೇ ಮಾತನ್ನು ಅದೇ ದನಿಯಲ್ಲಿ ಹೇಳಿದ: "ಇಲ್ಲ ಮಾವ, ಈ ಸಲ ಆಗಲ್ಲ." ಹೊಸ ಕಾರಣ ಸೇರಿಸಲಿಲ್ಲ, ದನಿ ಏರಿಸಲಿಲ್ಲ. ಎರಡು ಸಲ ಕೇಳುವುದು ಅವರ ಧರ್ಮ, ಎರಡು ಸಲವೂ ಇಲ್ಲ ಎನ್ನುವುದು ನಮ್ಮದು. ಮೂರನೇ ಸಲಕ್ಕೆ ಅಜ್ಜಿ ಫೋನು ತೆಗೆದುಕೊಂಡು, "ಮಗಳನ್ನ ಅಳಿಯನ್ನ ಕರಕೊಂಡು ಚಾಮುಂಡಿ ಬೆಟ್ಟಕ್ಕೆ ಬಾರಪ್ಪ, ಒಂದು ಹೊತ್ತು ನಮ್ಮನೇಲಿ ಊಟ ಮಾಡಿಕೊಂಡು ಹೋಗ್ತಾರಂತೆ" ಎಂದರು. ಮಾತು ಅಲ್ಲಿಗೆ ತಿಳಿಯಾಯಿತು. ಬೇಡ ಎಂದ ಮೇಲೆ ಏನಾದರೊಂದು ಬೇಕು ಎನ್ನಬೇಕು, ಆದರೆ ನಡೆಸಬಹುದಾದದ್ದನ್ನೇ ಹೇಳಬೇಕು. "ಮುಂದಿನ ತಿಂಗಳು ನಾವೇ ಬೀದರಿಗೆ ಬರ್ತೀವಿ" ಎಂದು ಬಾಯಿ ಜಾರಿದರೆ ಅದೇ 800 ಕಿಲೋಮೀಟರು ಮತ್ತೆ ಎದುರಿಗೆ ನಿಲ್ಲುತ್ತದೆ.

ಇನ್ನು ಮುಯ್ಯಿ. ಅಜ್ಜಿ ಒಳಗೆ ಹೋಗಿ ಬೀರುವಿನಿಂದ ಒಂದು ಉದ್ದ ಪುಸ್ತಕ ತಂದರು. ಇವರ ಮನೆ ಗೃಹಪ್ರವೇಶದ ಮುಯ್ಯಿ ಲೆಕ್ಕ, ಮಾಸಿದ ನೀಲಿ ಶಾಯಿಯಲ್ಲಿ. ಬೆರಳಿಟ್ಟು ಹುಡುಕಿ ಒಂದು ಸಾಲು ತೋರಿಸಿದರು. "ಬೀದರ್, 501, ಹಾಸನದವರ ಕೈಲಿ."

ಅಂದರೆ ಅಂದು ಬೀದರ್ ಮಾವನೂ ಬಂದಿರಲಿಲ್ಲ! ಅವರಿಗೂ ಅಂದು ಇದೇ ದೂರ, ಇದೇ ರಜೆ. ಅತ್ತಿಗೆಯ ಕೈಲಿ ಕವರು ಕಳಿಸಿದ್ದರು, ಯಾರೂ ಏನೂ ಅಂದುಕೊಂಡಿರಲಿಲ್ಲ. ಪಕ್ಕದ ಮನೆಯಾಕೆಯ ಮುಖ ಅರಳಿತು. "ಇದನ್ನ ಅವರಿಗೆ ಹೇಳಿಬಿಡಬಹುದಿತ್ತಲ್ಲ!" ಎಂದಳು. ಅಜ್ಜಿ ಪುಸ್ತಕ ಮುಚ್ಚಿದರು. "ಇದು ನಮ್ಮ ಸಮಾಧಾನಕ್ಕೆ ಕಣಮ್ಮ, ಅವರಿಗೆ ಚುಚ್ಚೋಕಲ್ಲ."

501 ಬಂದದ್ದಕ್ಕೆ 501ನ್ನೇ ತಿರುಗಿಸಿದರೆ ಸಾಲ ತೀರಿಸಿದ ಹಾಗಾಗುತ್ತದೆ. ನಡುವೆ ಇಷ್ಟು ವರ್ಷ ಕಳೆದಿದೆ, ಮೇಲಾಗಿ ಇದು ಹೆಣ್ಣುಮಗಳ ಮದುವೆ, 1,001 ಎಂದು ತೀರ್ಮಾನವಾಯಿತು. ಗಂಡ ಮೊಬೈಲಿನಲ್ಲೇ ಹಾಕಿಬಿಡುತ್ತೇನೆ ಎಂದ. ಹಾಕಬಹುದು, ಕೆಲವು ಛತ್ರಗಳಲ್ಲಿ ಈಗ ಮುಯ್ಯಿ ಮೇಜಿನ ಮೇಲೇ ಸ್ಕ್ಯಾನು ಮಾಡುವ ಹಲಗೆ ಇಟ್ಟಿರುತ್ತಾರೆ. ಆದರೆ ಮದುವೆ ವಾರದಲ್ಲಿ ಹೆಣ್ಣಿನ ತಂದೆಯ ಖಾತೆಗೆ ಬರುವ ದುಡ್ಡು ಹೋಗುವ ದುಡ್ಡಿನ ನಡುವೆ ನಮ್ಮದು ಯಾವಾಗ ಬಂತು ಎಂದು ಅವರಿಗೂ ಗೊತ್ತಾಗುವುದಿಲ್ಲ. ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರಿಗೆ ಮೂಲೆಯಲ್ಲಿ ಅರಿಶಿನ ಹಚ್ಚಿ, ಊರು ಹೆಸರು ಬರೆದು ಹಾಸನದ ಅತ್ತೆಯ ಕೈಗೆ ಮುಟ್ಟಿಸಿದರೆ ಅದು ಮೇಜಿನ ಮುಂದೆ ಕೂತವರ ಪುಸ್ತಕ ಸೇರುತ್ತದೆ, ಅತ್ತೆಗೂ ತೌರಿನ ಹೆಸರು ಹೇಳಿ ಕೊಡುವ ಸಂತೋಷ ಸಿಗುತ್ತದೆ. ಕಾಗದದ ಕೆಳಗೆ "ಉಡುಗೊರೆಗಳನ್ನು ಸ್ವೀಕರಿಸುವುದಿಲ್ಲ" ಎಂದು ಅಚ್ಚಾಗಿದ್ದರೆ ಮಾತ್ರ ಕವರು ಕಳಿಸಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬೇಡಿ. ದಂಪತಿ ಮನೆಗೆ ಬಂದ ದಿನ ಎಲೆ ಅಡಿಕೆಯ ಜೊತೆ ಕೊಡಿ.

ಮದುವೆಯ ದಿನ ಬೆಳಿಗ್ಗೆ ಫೋನು ಮಾಡುವುದು ಬೇಡ. ಮಾಂಗಲ್ಯಧಾರಣೆಯ ಹೊತ್ತಿಗೆ ಹೆಣ್ಣಿನ ತಂದೆಯ ಜೇಬಿನಲ್ಲಿ ಮೊಬೈಲು ಹೊಡೆದುಕೊಂಡರೆ ಹಾರೈಕೆಯ ಬದಲು ಪುರೋಹಿತರ ಕೆಂಗಣ್ಣು ಸಿಗುತ್ತದೆ. ಬೆಳಿಗ್ಗೆ ಒಂದು ಸಾಲಿನ ಮೆಸೇಜು ಸಾಕು. ಎರಡು ದಿನ ಬಿಟ್ಟು, ಛತ್ರ ಖಾಲಿ ಮಾಡಿ, ಪಾತ್ರೆ ಬಾಡಿಗೆ ತೀರಿಸಿ ಅವರು ಉಸಿರು ಬಿಡುತ್ತಿರುವಾಗ ಫೋನು ಮಾಡಿ. ಮದುವೆ ಹೇಗಾಯಿತು, ಊಟ ಹೇಗಿತ್ತು, ಮಗಳು ಹೊರಟಾಗ ಅತ್ತಳಾ, ಫೋಟೋ ಕಳಿಸಿ ಎಂದು ಕೇಳಿ. ಆ ಹೊತ್ತಿನಲ್ಲಿ ಮದುವೆಗೆ ಬಂದವರು ಯಾರೂ ಫೋನು ಮಾಡಿರುವುದಿಲ್ಲ, ಬಾರದ ನೀವು ಮಾಡಿರುತ್ತೀರಿ. ಅದು ನೆನಪಿನಲ್ಲಿ ಉಳಿಯುತ್ತದೆ. ಮತ್ತೆ, ರಜೆ ಇಲ್ಲ ಎಂದ ಆ ವಾರದ ಶನಿವಾರ ಭಾನುವಾರ ಊಟಿಗೆ ಹೋಗಬೇಡಿ, ಹೋದರೂ ಫೋಟೋ ಹಾಕಬೇಡಿ.

ಇಷ್ಟೆಲ್ಲ ಕರೆಸಿಕೊಂಡವರಿಗೆ ಹೇಳಿದ್ದಾಯಿತು. ಕರೆಯುವವರಿಗೂ ಎರಡು ಮಾತು ಇದೆ, ಅವರೂ ನಮ್ಮ ಓದುಗರೇ. ಮುಹೂರ್ತ ಗೊತ್ತಾದ ದಿನವೇ ದೂರದ ಊರಿನವರಿಗೆ ಬಾಯಿಮಾತಿನಲ್ಲಿ ತಾರೀಖು ತಿಳಿಸಿಬಿಡಿ, ಕಾಗದ ಆಮೇಲೆ ಬರಲಿ. ಎರಡು ತಿಂಗಳು ಮೊದಲೇ ಗೊತ್ತಾದರೆ ರೈಲಿನಲ್ಲಿ ಸೀಟು ಸಿಗುತ್ತದೆ, ಹತ್ತು ಸಿಎಲ್ಲಿನಲ್ಲಿ ನಿಮ್ಮ ಪಾಲಿಗೂ ಎರಡು ಮೀಸಲಾಗಬಹುದು. ಆಮೇಲೂ ಬರಲಾಗುವುದಿಲ್ಲ ಎಂದು ಯಾರಾದರೂ ಮೂರು ವಾರ ಮುಂಚೆ ಫೋನು ಮಾಡಿ ಹೇಳಿದರೆ ಅವರ ಮೇಲೆ ಮುನಿಯಬೇಡಿ. ಹದಿನೈದು ಎಲೆಯ ದುಡ್ಡು ಉಳಿಸಿಕೊಟ್ಟವರು ಅವರು. ಮುನಿಯಬೇಕಾದದ್ದು ಕೊನೆಯ ದಿನದವರೆಗೂ "ನೋಡೋಣ" ಎಂದು ಹೇಳಿಕೊಂಡೇ ಬಂದು ಬಾರದೇ ಹೋದವರ ಮೇಲೆ.